ಬಡಾವಣೆ ಗುಂಪಿನಲ್ಲಿ ದೇವರು, ಪಕ್ಷ, ಮೈಕು: ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷದಿಂದ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ನಾನೂ ಒಬ್ಬ ಅಡ್ಮಿನ್. ಸುಮಾರು 180 ಮನೆಗಳು. ಗಣಪತಿ ಪೆಂಡಾಲು ನಮ್ಮ ಪಾರ್ಕಿನಲ್ಲೇ ಏಳುತ್ತದೆ, ಎರಡು ಬೀದಿ ಆಚೆ ಮಸೀದಿ ಇದೆ, ಮುಖ್ಯರಸ್ತೆಯಲ್ಲಿ ಒಂದು ಸಣ್ಣ ಚರ್ಚು. ಮೂರು ಪಕ್ಷಗಳ ಕಾರ್ಯಕರ್ತರೂ ಒಂದೇ ಗುಂಪಿನಲ್ಲಿದ್ದಾರೆ. ಬೇರೆ ಬಡಾವಣೆಗಳ ಅಡ್ಮಿನ್‌ಗಳು, ಊರಿನ ಶಾಲೆಯ ಹಳೇ ವಿದ್ಯಾರ್ಥಿಗಳ ಗುಂಪು ನಡೆಸುವವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಎನಿಸಿತು.

ಧರ್ಮ, ರಾಜಕೀಯ ಎರಡೂ ಬೇಡ ಅಂತ ಒಂದೇ ಮಾತಲ್ಲಿ ನಿಷೇಧಿಸಿಬಿಟ್ಟರೆ ಆಗದೇ?

ನಾವು ಮೊದಲ ವರ್ಷ ಅದನ್ನೇ ಮಾಡಿದೆವು. ಮೂರು ತಿಂಗಳೂ ನಡೆಯಲಿಲ್ಲ. ಪಾರ್ಕಿನಲ್ಲಿ ಪೆಂಡಾಲು ಹಾಕಬೇಕೇ ಎಂಬುದು ಧರ್ಮದ ಮಾತೋ, ಪಾರ್ಕಿನ ಮಾತೋ? ನೀರು ಬರಲಿಲ್ಲ ಅಂತ ಕಾರ್ಪೊರೇಟರ್ ಮೇಲೆ ಬೇಸರಪಟ್ಟರೆ ಅದು ರಾಜಕೀಯವೇ? ಬೆಳಿಗ್ಗೆ ಬೆಳಿಗ್ಗೆ ಶುಭೋದಯದ ಜತೆ ಬರುವ ದೇವರ ಪಟವನ್ನು ತೆಗೆಯುತ್ತೀರಾ? ಅದನ್ನು ಬಿಟ್ಟು ಪಕ್ಷದ ನಾಯಕನ ಪಟವನ್ನು ಮಾತ್ರ ತೆಗೆದರೆ, ಆ ಪಕ್ಷದವರು ಸುಮ್ಮನಿರುತ್ತಾರಾ? ಎಲ್ಲವನ್ನೂ ನಿಷೇಧಿಸಿದ ನಿಯಮವನ್ನು ಅಡ್ಮಿನ್ ತನಗೆ ಬೇಕಾದಾಗ ಮಾತ್ರ ಜಾರಿ ಮಾಡುತ್ತಾನೆ, ಅಥವಾ ಹಾಗೆ ಮಾಡುತ್ತಾನೆಂದು ಜನ ನಂಬುತ್ತಾರೆ. ಎರಡರ ಫಲವೂ ಒಂದೇ: ಸಿಟ್ಟಾದವರು ಪಕ್ಕದಲ್ಲಿ ಇನ್ನೊಂದು ಗುಂಪು ಕಟ್ಟಿಕೊಳ್ಳುತ್ತಾರೆ. ಒಂದೇ ಸಮುದಾಯದವರು ಮಾತ್ರ ಇರುವ ಆ ಗುಂಪಿನಲ್ಲಿ ಯಾರೂ ಯಾರನ್ನೂ ತಡೆಯುವುದಿಲ್ಲ. ನನಗೆ ನಿಜವಾದ ಭಯ ಇರುವುದು ಆ ಗುಂಪುಗಳ ಬಗ್ಗೆ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು?

ಕೆಲಸದ ಬಗ್ಗೆ ಮಾತಾಡಿ, ಜನದ ಬಗ್ಗೆ ಬೇಡ. ಯಾವ ಜಾಗ, ಯಾವ ಹೊತ್ತು, ಏನು ನಡೆಯಿತು ಎಂದು ಹೇಳಬಹುದು. "ಅವರು ಯಾವಾಗಲೂ ಹೀಗೇ" ಅನ್ನುವಂತಿಲ್ಲ. ನಮ್ಮ ಗುಂಪಿನಲ್ಲಿ ನಡೆದ ಒಂದು ಪ್ರಸಂಗ ಹೇಳಿದರೆ ತಿಳಿಯುತ್ತದೆ.

ಒಂದು ಮಾರ್ಚ್ ತಿಂಗಳಲ್ಲಿ, ಪರೀಕ್ಷೆಯ ಸಮಯ, ನಸುಕಿನಲ್ಲೇ ಒಬ್ಬರು ಹಾಕಿದ್ದು: "ಇವರ ಹಾವಳಿ ಅತಿಯಾಯ್ತು. ಬೆಳಗಾಗೋ ಮೊದಲೇ ಶುರು. ರೂಲ್ಸೆಲ್ಲ ನಮ್ಮ ಹಬ್ಬಕ್ಕೆ ಮಾತ್ರ." ಐದು ನಿಮಿಷದಲ್ಲಿ ಹನ್ನೊಂದು ಉತ್ತರ. ಮಸೀದಿ ಬೀದಿಯಲ್ಲಿರುವ ಒಬ್ಬರು, "ನಿಮ್ಮ ಆರ್ಕೆಸ್ಟ್ರಾ ರಾತ್ರಿ ಹನ್ನೆರಡರವರೆಗೆ ನಡೆದಾಗ ನಾವು ಬಾಯಿ ಬಿಟ್ಟಿದ್ವಾ?" ಅಂದರು. ಅಷ್ಟರಲ್ಲಿ ಮಾತು ಧ್ವನಿವರ್ಧಕವನ್ನು ಬಿಟ್ಟು ಎಲ್ಲೋ ಹೋಗಿತ್ತು.

ನಾನು ಆ ಮೊದಲಿನವರಿಗೆ ಫೋನ್ ಮಾಡಿದೆ. ಅವರ ಮಗಳಿಗೆ ದ್ವಿತೀಯ ಪಿಯುಸಿ ಪರೀಕ್ಷೆ, ರಾತ್ರಿ ಒಂದರವರೆಗೆ ಓದುತ್ತಾಳೆ, ಐದಕ್ಕೆ ಎಚ್ಚರವಾಗುತ್ತದೆ. ಅವರ ನೋವು ನಿಜ. ಆ ಸಂದೇಶವನ್ನು ಅವರೇ ತೆಗೆದು, ಇಬ್ಬರೂ ಸೇರಿ ಬರೆದದ್ದು ಇದು: "3ನೇ ಅಡ್ಡರಸ್ತೆ ಕಡೆಯ ಧ್ವನಿವರ್ಧಕ ಬೆಳಿಗ್ಗೆ 6ಕ್ಕಿಂತ ಮುಂಚೆ ನಮ್ಮ ಮನೆಗೆ ಬಹಳ ಜೋರಾಗಿ ಕೇಳುತ್ತಿದೆ. ಮಗಳಿಗೆ ಪರೀಕ್ಷೆ. ಸಮಿತಿಯವರ ಪರಿಚಯ ಇರುವವರು ದಯವಿಟ್ಟು ಮಾತಾಡುತ್ತೀರಾ?" ಬೆಳಿಗ್ಗೆ ಸಿಟ್ಟಿನಿಂದ ಉತ್ತರ ಕೊಟ್ಟಿದ್ದ ಅದೇ ವ್ಯಕ್ತಿ ಅಂದು ಸಂಜೆ ಸಮಿತಿಯವರ ಹತ್ತಿರ ಹೋಗಿ ಬಂದರು. ಒಂದು ಹಾರ್ನು ನೇರ ಆ ಸಾಲಿನ ಮನೆಗಳ ಕಡೆಗೆ ತಿರುಗಿತ್ತಂತೆ. ಅದನ್ನು ತಿರುಗಿಸಿ, ಧ್ವನಿಯನ್ನೂ ತಗ್ಗಿಸಿದರು.

ಈ ಮಾತು ನಿಂತದ್ದು ಎಲ್ಲರಿಗೂ ಒಂದೇ ಆದ ಒಂದು ನಿಯಮದ ಮೇಲೆ. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶಕ್ಕೆ ಹಗಲಲ್ಲಿ 55, ರಾತ್ರಿ 45 ಡೆಸಿಬಲ್ ಮಿತಿ. ಇದರಲ್ಲಿ ಮಸೀದಿ, ದೇವಸ್ಥಾನ, ಚರ್ಚು, ಪಕ್ಷದ ಸಭೆ ಎಂಬ ಭೇದವಿಲ್ಲ. ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾದವರು ಮೈಕು ಕಟ್ಟಿದಾಗ, ಮಾರ್ಚ್‌ನಲ್ಲಿ ದೂರು ಕೊಟ್ಟಿದ್ದ ಆ ತಂದೆಯೇ ಪೆಂಡಾಲಿಗೆ ಹೋಗಿ ಹತ್ತಕ್ಕೆ ನಿಲ್ಲಿಸಬೇಕು ಅಂದರು. ಅವರು ಹಾಗೆ ಹೋಗಿರದಿದ್ದರೆ ಅವರ ಮೊದಲ ದೂರಿಗೆ ಬೆಲೆಯೇ ಉಳಿಯುತ್ತಿರಲಿಲ್ಲ.

ಅನುಮಾನ ಬಂದಾಗ ನಾನೊಂದು ಪರೀಕ್ಷೆ ಮಾಡುತ್ತೇನೆ. ಸಂದೇಶದಲ್ಲಿರುವ ಸಮುದಾಯದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿ ಓದುತ್ತೇನೆ. ಆಗಲೂ ದೂರು ಅರ್ಥವಾದರೆ ಅದು ದೂರು. ಹೆಸರು ಬದಲಾಯಿಸಿದ ಕೂಡಲೇ ನನಗೇ ಸಿಟ್ಟು ಬಂದರೆ, ಮೊದಲ ಸಲ ಸಿಟ್ಟು ಬರದಿದ್ದದ್ದು ಯಾಕೆಂದು ನನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಅಂದರೆ ಧರ್ಮವನ್ನು ಟೀಕೆ ಮಾಡಲೇಬಾರದಾ?

ಮಾಡಬಹುದು. ಜಾತಿಯನ್ನೂ, ಮೂಢ ಆಚರಣೆಯನ್ನೂ ಎದುರಿಗೇ ಪ್ರಶ್ನಿಸಿದ ವಚನಕಾರರ ನಾಡಿನಲ್ಲಿ ಕೂತು ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಫೇಸ್‌ಬುಕ್, ಯೂಟ್ಯೂಬ್‌ಗಳ ನಿಯಮವೂ ಹೆಚ್ಚುಕಮ್ಮಿ ಇದೇ ಜಾಡಿನಲ್ಲಿದೆ. ಧರ್ಮ, ಜಾತಿ, ಜನಾಂಗದ ಕಾರಣಕ್ಕೆ ಮನುಷ್ಯರ ಮೇಲೆ ದಾಳಿ ಮಾಡುವುದನ್ನು ಅವು ತಡೆಯುತ್ತವೆ. ನಂಬಿಕೆ, ಆಚರಣೆ, ಸಂಸ್ಥೆಗಳ ಚರ್ಚೆಗೆ ಹೆಚ್ಚು ಜಾಗ ಬಿಡುತ್ತವೆ. "ಮಡೆಸ್ನಾನ ನಿಲ್ಲಬೇಕು" ಎಂಬುದು ಆಚರಣೆಯ ಟೀಕೆ. "ಅದನ್ನು ಮಾಡುವವರೆಲ್ಲ ಹೊಲಸು ಜನ" ಎಂಬುದು ಮನುಷ್ಯರ ಮೇಲಿನ ದಾಳಿ. ಮನುಷ್ಯರನ್ನು ಹುಳ, ಹಂದಿ, ರೋಗ ಎಂದು ಕರೆಯುವ ಮಾತು ಬಂದರೆ ಸುತ್ತಮುತ್ತ ಏನೇ ಬರೆದಿದ್ದರೂ ಅದನ್ನು ತೆಗೆಯುತ್ತೇನೆ.

ಪಕ್ಷಗಳ ವಿಷಯ ಸ್ವಲ್ಪ ಬೇರೆ. ಆ ವೇದಿಕೆಗಳ ರಕ್ಷಿತ ಪಟ್ಟಿಯಲ್ಲಿ ಧರ್ಮ, ಜಾತಿ ಇವೆ, ಪಕ್ಷ ಇಲ್ಲ. ಹಾಗಾಗಿ ಪಕ್ಷವನ್ನು ಖಾರವಾಗಿ ಬಯ್ದ ಪೋಸ್ಟನ್ನು ರಿಪೋರ್ಟ್ ಮಾಡಿದರೂ ಅನೇಕ ಸಲ ಅದು ಅಲ್ಲೇ ಇರುತ್ತದೆ. ಬೆದರಿಕೆ, ಒಬ್ಬರನ್ನು ಗುರಿ ಮಾಡಿದ ಕಿರುಕುಳಕ್ಕೆ ಬೇರೆ ನಿಯಮಗಳಿವೆ, ಅದರಡಿ ದೂರು ಕೊಡಬೇಕು. ಯಾವ ಕಾರಣ ಒತ್ತಿ ರಿಪೋರ್ಟ್ ಮಾಡುತ್ತೀರಿ ಎಂಬುದನ್ನೂ ನೋಡಿಕೊಳ್ಳಿ.

ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯಗಳ ನಡುವೆ ದ್ವೇಷ ಬಿತ್ತುವುದಕ್ಕೆ 196ನೇ ಕಲಂ, ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆ ಕೆರಳಿಸುವುದಕ್ಕೆ 299ನೇ ಕಲಂ, ಸುಳ್ಳು ಸುದ್ದಿ, ವದಂತಿ ಹಬ್ಬಿಸಿ ಜನರನ್ನು ಎತ್ತಿಕಟ್ಟುವುದಕ್ಕೆ 353ನೇ ಕಲಂ ಇವೆ. ಸಾಮಾನ್ಯವಾಗಿ ಮೂರು ವರ್ಷದವರೆಗೆ ಶಿಕ್ಷೆ. ಹಳೇ ದಂಡ ಸಂಹಿತೆಯ 153ಎ, 295ಎ, 505 ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಎಲ್ಲ ಅವಮಾನವೂ ಅಪರಾಧವಲ್ಲ, ಬೇಕೆಂದೇ, ಕೇಡಿನ ಉದ್ದೇಶದಿಂದ ಮಾಡಿದ್ದು ಮಾತ್ರ ಎಂದು ಸುಪ್ರೀಂ ಕೋರ್ಟ್ 295ಎ ಬಗ್ಗೆ 1957ರಲ್ಲೇ ಹೇಳಿದೆ. 2024ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಒಬ್ಬ ಪ್ರಾಧ್ಯಾಪಕರ ಮೇಲಿನ ಪ್ರಕರಣವನ್ನು ಅದೇ ಕೋರ್ಟ್ ರದ್ದು ಮಾಡಿತು. 370ನೇ ವಿಧಿಯ ರದ್ದತಿಯನ್ನು ವಿರೋಧಿಸಿ ಅವರು ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಸರ್ಕಾರದ ನಿರ್ಧಾರವನ್ನು ವಿರೋಧಿಸುವುದು ದ್ವೇಷ ಬಿತ್ತಿದಂತಲ್ಲ ಎಂಬುದು ಅದರ ಸಾರ. ಆದರೆ ಕೇಸು ದಾಖಲಾದದ್ದು 2022ರಲ್ಲಿ ಎಂಬುದನ್ನು ಮರೆಯಬೇಡಿ. ಕೊನೆಗೆ ಗೆದ್ದರೂ ನಡುವಿನ ವರ್ಷಗಳನ್ನು ಯಾರೂ ವಾಪಸ್ ಕೊಡುವುದಿಲ್ಲ. ನಾನು ಗುಂಪಿನವರಿಗೆ ಹೇಳುವುದು ಇಷ್ಟೇ: ಅಭಿಪ್ರಾಯವಿದ್ದರೆ ನಿಮ್ಮದೇ ಮಾತಲ್ಲಿ ಬರೆಯಿರಿ. ಬೇರೆಯವರ ಮಾತನ್ನು ಫಾರ್ವರ್ಡ್ ಮಾಡಿ ಅದರ ಭಾರ ಹೊರಬೇಡಿ.

ಗಲಭೆಯ ವಿಡಿಯೋ ಬಂತು. ಮೊದಲ ಹತ್ತು ನಿಮಿಷ ಏನು ಮಾಡಬೇಕು?

ಎಲ್ಲಕ್ಕಿಂತ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಎರಡು ವರ್ಷದ ಹಿಂದೆ ಗಣಪತಿ ವಿಸರ್ಜನೆಯ ರಾತ್ರಿ ನಮ್ಮಲ್ಲಿ ನಡೆದದ್ದನ್ನೇ ಕ್ರಮವಾಗಿ ಹೇಳುತ್ತೇನೆ.

ರಾತ್ರಿ 9:40ಕ್ಕೆ ವಿಡಿಯೋ ಬಂತು. ಓಡುವ ಜನ, ಬೀಳುವ ಕಲ್ಲು, ಕಿರುಚಾಟ. ಕೆಳಗೆ ಬರಹ: "ನಮ್ಮೂರ ಮೆರವಣಿಗೆ ಮೇಲೆ ಈಗ ತಾನೇ ದಾಳಿ. ಎಲ್ಲರಿಗೂ ತಲುಪಿಸಿ." ಮೇಲ್ಭಾಗದಲ್ಲಿ ಎರಡು ಬಾಣದ ಗುರುತು. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸಾಪ್ ಆ ಗುರುತು ಹಾಕುತ್ತದೆ. "ಈಗ ತಾನೇ" ನಡೆದದ್ದು ಇಷ್ಟರಲ್ಲೇ ಅಷ್ಟು ಕೈ ದಾಟಿತೇ ಎಂಬುದು ನನಗೆ ಮೊದಲು ಹೊಳೆದ ಅನುಮಾನ.

ಮೊದಲು ಮಾಡಿದ್ದು, ಗುಂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವಂತೆ ಬದಲಾಯಿಸಿದ್ದು. ಇದಕ್ಕೆ ಹತ್ತು ಸೆಕೆಂಡು ಸಾಕು. ವಿಡಿಯೋ ನಿಜವೋ ಸುಳ್ಳೋ ತಿಳಿಯುವ ಮೊದಲೇ ಇದನ್ನು ಮಾಡಬೇಕು. ಒಂದು ವಿಡಿಯೋಗಿಂತ ಅದರ ಕೆಳಗೆ ಬೀಳುವ ಮೂವತ್ತು ಉತ್ತರಗಳು ಹೆಚ್ಚು ಕೆಡಿಸುತ್ತವೆ. ಎರಡನೆಯದು, ವಿಡಿಯೋವನ್ನು ಎಲ್ಲರಿಗೂ ಕಾಣದಂತೆ ಅಳಿಸಿದೆ. ಅದಕ್ಕೆ ಮುಂಚೆ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಂಡೆ, ಹಾಕಿದವರು ಯಾರು, ಎಷ್ಟು ಹೊತ್ತಿಗೆ ಎಂಬ ದಾಖಲೆಗೆ. ಮೂರನೆಯದು, ಗುಂಪಿನಲ್ಲಿ ಒಂದು ಸಾಲು ಹಾಕಿದೆ: "ವಿಡಿಯೋ ಎಲ್ಲಿಯದೆಂದು ನೋಡುತ್ತಿದ್ದೇವೆ. 10 ಗಂಟೆಯೊಳಗೆ ತಿಳಿಸುತ್ತೇವೆ. ಅಲ್ಲಿಯವರೆಗೆ ಯಾರೂ ಮುಂದೆ ಕಳಿಸಬೇಡಿ." ಗಂಟೆ ಹೇಳಲೇಬೇಕು. ಹೇಳದೆ ಅಳಿಸಿದರೆ "ಏನೋ ಮುಚ್ಚಿಡುತ್ತಿದ್ದಾರೆ" ಎಂಬ ಮಾತು ಹುಟ್ಟುತ್ತದೆ, ಅದು ವಿಡಿಯೋಗಿಂತ ಬೇಗ ಓಡುತ್ತದೆ.

ಆಮೇಲೆ ವಿಡಿಯೋ ನೋಡಿದೆ, ಶಬ್ದ ಬಂದ್ ಮಾಡಿ. ಕಿರುಚಾಟ ಕೇಳುತ್ತಿದ್ದರೆ ಕಣ್ಣು ವಿವರ ಹಿಡಿಯುವುದಿಲ್ಲ. ಅಂಗಡಿ ಬೋರ್ಡು ಯಾವ ಲಿಪಿಯಲ್ಲಿದೆ? ವಾಹನದ ನಂಬರ್ ಪ್ಲೇಟು ಕೆಎ ಇಂದ ಶುರುವಾಗುತ್ತದೆಯೇ? ಬಸ್ಸಿನ ಬಣ್ಣ ನಮ್ಮದೇ? ರಸ್ತೆ ಒದ್ದೆಯಾಗಿದೆಯೇ? ನಮ್ಮೂರಲ್ಲಿ ಅಂದು ಸಂಜೆಯಿಂದ ಜಿಟಿಜಿಟಿ ಮಳೆ. ವಿಡಿಯೋದಲ್ಲಿ ರಸ್ತೆ ಧೂಳೇಳುವಷ್ಟು ಒಣಗಿತ್ತು, ಬೋರ್ಡುಗಳೆಲ್ಲ ದೇವನಾಗರಿಯಲ್ಲಿದ್ದವು. ನಿಲ್ಲಿಸಿದ ಒಂದು ಚಿತ್ರವನ್ನು ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಕೊಟ್ಟಾಗ ಅದೇ ದೃಶ್ಯ ಹಳೆಯ ದಿನಾಂಕದಲ್ಲಿ ಸಿಕ್ಕಿತು. ಜತೆಗೆ ಮೆರವಣಿಗೆಯ ಹಾದಿಯಲ್ಲಿ ಮನೆ ಇರುವ ಇಬ್ಬರಿಗೆ ಫೋನ್ ಮಾಡಿದೆ. "ಡೊಳ್ಳಿನವರು ಈಗ ನಮ್ಮ ಮನೆ ಮುಂದೇ ಇದ್ದಾರಲ್ಲ, ಏನೂ ಇಲ್ಲ" ಅಂದರು. ಆ ಒಂದು ಫೋನು ಉಳಿದೆಲ್ಲ ಹುಡುಕಾಟಕ್ಕಿಂತ ಗಟ್ಟಿ.

9:56ಕ್ಕೆ ಹಾಕಿದ ಸಂದೇಶ: "ಆ ವಿಡಿಯೋ ಹಳೆಯದು, ನಮ್ಮ ಊರಿನದಲ್ಲ. ಮೆರವಣಿಗೆ ಶಾಂತವಾಗಿ ನಡೆಯುತ್ತಿದೆ ಎಂದು ಹಾದಿಯಲ್ಲಿರುವ ಇಬ್ಬರು ತಿಳಿಸಿದ್ದಾರೆ. ಬೇರೆ ಗುಂಪಿಗೆ ಕಳಿಸಿದವರು ದಯವಿಟ್ಟು ಅಲ್ಲಿಯೂ ಇದನ್ನು ಹಾಕಿ." ಕೊನೆಯ ಸಾಲು ಬಹಳ ಮುಖ್ಯ. ನಮ್ಮ ಗುಂಪಿನಲ್ಲಿ ಅಳಿಸಿದ್ದು ಬೇರೆ ನಲವತ್ತು ಗುಂಪಿನಲ್ಲಿ ಇರುತ್ತದೆ. ಸುಳ್ಳು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು. ಗುಂಪನ್ನು ಮರುದಿನ ಬೆಳಿಗ್ಗೆ ಮತ್ತೆ ತೆರೆದೆವು.

ಇಷ್ಟೆಲ್ಲ ಯಾಕೆ ಎನ್ನುವವರು 2012ರ ಆಗಸ್ಟನ್ನು ನೆನಪಿಸಿಕೊಳ್ಳಬೇಕು. ಎಲ್ಲಿಯದೋ ಚಿತ್ರ, ಯಾರದೋ ಎಸ್ಸೆಮ್ಮೆಸ್ ನಂಬಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ರೈಲು ನಿಲ್ದಾಣದಲ್ಲಿ ಗುವಾಹಟಿ ರೈಲಿಗೆ ನೂಕಾಡಿದರು. ಕೇಂದ್ರ ಸರ್ಕಾರ ಹದಿನೈದು ದಿನ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸದಂತೆ ತಡೆಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್‌ನಲ್ಲಿ ಹಬ್ಬಿಸಿದರು. ಅವರ ಕಾರು ಮುಂದಿನ ಊರು ಮುಟ್ಟುವ ಮೊದಲೇ ಸಂದೇಶ ಮುಟ್ಟಿತ್ತು, ಜನ ರಸ್ತೆ ಅಡ್ಡಗಟ್ಟಿ ಕಾದಿದ್ದರು. ಹೈದರಾಬಾದಿನಲ್ಲಿ ಕೆಲಸ ಮಾಡುತ್ತಿದ್ದ ಯುವಕನೊಬ್ಬ ಸತ್ತ. ಇಂಥ ಸಾವುಗಳ ನಂತರ ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಿಂದ ಎರಡು ಬಾಣದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಮಿತಿ ವೇಗ ತಗ್ಗಿಸುತ್ತದೆ ಅಷ್ಟೇ. ನಕಲು ಮಾಡಿ ಅಂಟಿಸಿದರೆ ಬಾಣದ ಗುರುತೂ ಇರುವುದಿಲ್ಲ.

ಘಟನೆ ನಿಜವೇ ಆಗಿದ್ದರೆ? ನಿಜ ಹೇಳುವುದೂ ತಪ್ಪಾ?

ತಪ್ಪಲ್ಲ. ಆದರೆ ಜನಕ್ಕೆ ಬೇಕಾದದ್ದು ಯಾವುದು ಎಂದು ಯೋಚಿಸಿ. ಯಾವ ರಸ್ತೆಗೆ ಹೋಗಬಾರದು, ಶಾಲೆ ನಾಳೆ ಇದೆಯೇ, ನಿಷೇಧಾಜ್ಞೆ ಇದೆಯೇ, ತುರ್ತಿಗೆ 112 ಎಂಬುದು ಬೇಕು. ಹೊಡೆದವನ ಸಮುದಾಯ, ಪೆಟ್ಟಾದವನ ಮುಖ, ರಕ್ತದ ಚಿತ್ರ ಬೇಡ. "ನಮ್ಮವರು ಎಷ್ಟು ಜನ ಆಸ್ಪತ್ರೆಯಲ್ಲಿ, ಅವರು ಎಷ್ಟು" ಎಂಬ ಲೆಕ್ಕ ಶುರುವಾದರೆ ಅಲ್ಲಿಗೇ ನಿಲ್ಲಿಸಿ.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟಿನಿಂದ ಎದ್ದ ಸಿಟ್ಟು ಠಾಣೆಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು, ಗೋಲಿಬಾರಿನಲ್ಲಿ ಜನ ಸತ್ತರು. ಪೋಸ್ಟೂ ನಿಜ, ಗಲಭೆಯೂ ನಿಜ. ಅದೇ ರಾತ್ರಿ ಅಲ್ಲಿನ ಒಂದು ದೇವಸ್ಥಾನದ ಮುಂದೆ ಮುಸ್ಲಿಂ ಯುವಕರು ಕೈ ಕೈ ಹಿಡಿದು ಸಾಲು ನಿಂತು ಕಾದದ್ದೂ ನಿಜ. ನಿಜ ಹೇಳುತ್ತೇನೆ ಎನ್ನುವವರು ಇದನ್ನೂ ಹೇಳುತ್ತಾರೆಯೇ ಎಂದು ನಾನು ನೋಡುತ್ತೇನೆ.

ದ್ವೇಷದ ಪೋಸ್ಟನ್ನು ಖಂಡಿಸಲು ಹಂಚಿಕೊಂಡೆ, ನನ್ನದನ್ನೇ ತೆಗೆದುಬಿಟ್ಟರು. ಯಾಕೆ?

ಖಂಡನೆ ನಿಮ್ಮ ಮನಸ್ಸಿನಲ್ಲಿತ್ತು, ಪೋಸ್ಟಿನಲ್ಲಿ ಕಾಣಲಿಲ್ಲ. ಖಂಡಿಸಲು, ಅರಿವು ಮೂಡಿಸಲು ಬೇರೆಯವರ ದ್ವೇಷದ ಮಾತನ್ನು ಹಂಚಿಕೊಳ್ಳಬಹುದು, ಆದರೆ ಉದ್ದೇಶ ಸ್ಪಷ್ಟವಾಗಿ ಕಾಣಬೇಕು ಎನ್ನುತ್ತದೆ ಫೇಸ್‌ಬುಕ್ ನಿಯಮ. ಮೇಲೆ "ನೋಡಿ ಸ್ವಾಮಿ ಹೇಗಿದೆ" ಎಂದಷ್ಟೇ ಬರೆದರೆ ನೀವು ಯಾವ ಕಡೆ ಎಂದು ಯಾರಿಗೂ ತಿಳಿಯುವುದಿಲ್ಲ. ವ್ಯಂಗ್ಯವಂತೂ ಕನ್ನಡ ಬಲ್ಲ ಓದುಗನಿಗೇ ಕೆಲವೊಮ್ಮೆ ದಕ್ಕುವುದಿಲ್ಲ. "ಇದು ತಪ್ಪು, ಯಾಕೆಂದರೆ" ಎಂದು ಮೊದಲ ಸಾಲಲ್ಲೇ ಬರೆಯಿರಿ. ಮೂಲದ ಮಾತನ್ನು ಪೂರ್ತಿ ಹಾಕುವ ಬದಲು ಸಾರ ಹೇಳಿ. ಯೂಟ್ಯೂಬಿನಲ್ಲಿ ಈ ವಿವರಣೆ ವಿಡಿಯೋದ ಒಳಗೇ, ಮಾತಲ್ಲಿ ಅಥವಾ ಪರದೆಯ ಮೇಲೆ ಇರಬೇಕು. ಶೀರ್ಷಿಕೆಯಲ್ಲಿ ಬರೆದರೆ ಸಾಲದೇ ಹೋಗಬಹುದು. ಅಲ್ಲಿ ಮೊದಲ ತಪ್ಪಿಗೆ ಎಚ್ಚರಿಕೆ, ಆಮೇಲೆ 90 ದಿನದಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ತಪ್ಪಾಗಿ ತೆಗೆದಿದ್ದಾರೆ ಎನಿಸಿದರೆ ಮೇಲ್ಮನವಿ ಹಾಕಿ. ಅದೇ ವಿಡಿಯೋವನ್ನು ಹೆಸರು ಬದಲಿಸಿ ಮತ್ತೆ ಏರಿಸಬೇಡಿ.

ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗುತ್ತಾನಾ?

ಬರೀ ಅಡ್ಮಿನ್ ಆಗಿರುವುದಕ್ಕೆ ಇಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿವೆ. ಸದಸ್ಯ ಏನು ಹಾಕುತ್ತಾನೆಂದು ಅಡ್ಮಿನ್‌ಗೆ ಮೊದಲೇ ಗೊತ್ತಾಗುವುದಿಲ್ಲ, ಸೇರಿಸುವುದು ತೆಗೆಯುವುದು ಬಿಟ್ಟರೆ ಅವನ ಕೈಯಲ್ಲಿ ಹೆಚ್ಚೇನಿಲ್ಲ ಎಂಬ ಆಧಾರದ ಮೇಲೆ. ಆದರೆ ಸದಸ್ಯನ ಜತೆ ಸೇರಿ ಉದ್ದೇಶಪೂರ್ವಕ ಮಾಡಿದ್ದರೆ ಮಾತು ಬೇರೆ. ಬೀದರ್ ಪ್ರಕರಣದಲ್ಲಿ ಬಂಧಿತರ ಪೈಕಿ ಅಡ್ಮಿನ್ ಒಬ್ಬ ಇದ್ದ ಎಂಬುದನ್ನೂ ಮರೆಯಬಾರದು. ಆ ತೀರ್ಪುಗಳು ಬರುವ ಹೊತ್ತಿಗೆ ಅಡ್ಮಿನ್‌ಗಳ ಕೈಯಲ್ಲಿ ಬೇರೆಯವರ ಸಂದೇಶ ಅಳಿಸುವ ಸೌಲಭ್ಯವೂ ಇರಲಿಲ್ಲ, ಈಗ ಇದೆ. ಬಿಟ್ಟುಬಿಡುವುದಕ್ಕೆ ಈಗ ನೆಪ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸ್ಕ್ರೀನ್‌ಶಾಟ್ ಇಡಿ ಎಂದು ಮೇಲೆ ಹೇಳಿದ್ದೂ ಇದಕ್ಕೇ. ನೀವು ಯಾವಾಗ ಏನು ಮಾಡಿದಿರಿ ಎಂದು ನಾಳೆ ಯಾರಾದರೂ ಕೇಳಿದರೆ ಬಾಯಿಮಾತು ಸಾಲದು.

ಹಿರಿಯರು ಹಾಕಿದರೆ ಹೇಗೆ ಹೇಳುವುದು?

ಗುಂಪಿನಲ್ಲಿ ಹೇಳಬೇಡಿ. ಎಪ್ಪತ್ತು ದಾಟಿದವರನ್ನು 180 ಮನೆಯವರ ಎದುರು ತಿದ್ದಿದರೆ ಅವರು ಆ ಸಂದೇಶವನ್ನು ಸಮರ್ಥಿಸಿಕೊಳ್ಳಲೇಬೇಕಾಗುತ್ತದೆ. ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ಅವರೊಡನೆ ನಡೆದ ಮಾತು ಹೀಗಿತ್ತು.

"ಮೇಷ್ಟ್ರೇ, ನಮಸ್ಕಾರ. ನೀವು ಬೆಳಿಗ್ಗೆ ಹಾಕಿದ್ದು ನೋಡಿದೆ. ಯಾರು ಕಳಿಸಿದ್ದು ಸಾರ್?"

"ನನ್ನ ಷಡ್ಡಕ ಕಳಿಸಿದ್ದಪ್ಪ. ಸುಳ್ಳು ಹೇಳೋ ಮನುಷ್ಯ ಅಲ್ಲ."

"ಅವರು ಸುಳ್ಳು ಹೇಳಲಿಲ್ಲ ಸಾರ್, ಅವರಿಗೂ ಯಾರೋ ಕಳಿಸಿದ್ದಾರೆ. ಅದರಲ್ಲಿ ಊರಿನ ಹೆಸರೂ ಇಲ್ಲ, ತಾರೀಖೂ ಇಲ್ಲ. ನೀವು ತರಗತಿಯಲ್ಲಿ ತಾರೀಖು ಬರೆಯದ ಉತ್ತರಕ್ಕೆ ಅಂಕ ಕೊಡ್ತಿದ್ರಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಳಿಸೋದು ಹೇಗೆ ಹೇಳು" ಅಂದರು. ಹೇಳಿಕೊಟ್ಟೆ. ಕಳಿಸಿದವರು ಸುಮಾರು ಎರಡು ದಿನದೊಳಗಾದರೆ ಎಲ್ಲರಿಗೂ ಕಾಣದಂತೆ ಅಳಿಸಬಹುದು, ಆಮೇಲೆ ಆಗುವುದಿಲ್ಲ. ಅಡ್ಮಿನ್ ಅಳಿಸಿದರೆ ಅಡ್ಮಿನ್ ಅಳಿಸಿದ್ದೆಂದು ಅಲ್ಲಿ ತೋರಿಸುತ್ತದೆ. ಅವರೇ ಅಳಿಸಿದರೆ ಅವರ ಮರ್ಯಾದೆ ಉಳಿಯುತ್ತದೆ. ಈಗ ಮೇಷ್ಟ್ರು ಹಾಕುವ ಮೊದಲು ನನಗೆ ಕಳಿಸಿ ಕೇಳುತ್ತಾರೆ.

ಪ್ರತಿದಿನ ಬೇಕೆಂದೇ ಹಾಕುವವರ ವಿಷಯ ಬೇರೆ. ಅವರಿಗೆ ಎರಡು ಸಲ ಖಾಸಗಿಯಾಗಿ ಹೇಳುತ್ತೇವೆ, ಮೂರನೆಯ ಸಲ ಗುಂಪಿನಿಂದ ತೆಗೆಯುತ್ತೇವೆ, ಮೂವತ್ತು ದಿನದ ನಂತರ ಮತ್ತೆ ಸೇರಿಸುತ್ತೇವೆ. ಪೂರ್ತಿ ಹೊರಹಾಕುವುದಿಲ್ಲ, ಅವರೂ ಇದೇ ಬೀದಿಯಲ್ಲಿ ಇರುವವರು. ಕೊಲ್ಲುವ, ಸುಡುವ ಬೆದರಿಕೆ ಇದ್ದರೆ ಮಾತ್ರ ಈ ಮೆಟ್ಟಿಲುಗಳಿಲ್ಲ. ನೇರ ಠಾಣೆಗೆ ಹೇಳಿ, ವಾಟ್ಸಾಪ್‌ಗೂ ರಿಪೋರ್ಟ್ ಮಾಡಿ. ರಿಪೋರ್ಟ್ ಮಾಡಿದಾಗ ಇತ್ತೀಚಿನ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ, ಕಳಿಸಿದವರಿಗೆ ತಿಳಿಯುವುದಿಲ್ಲ.

ಚುನಾವಣೆ ಬಂದಾಗ ಬೇರೆ ನಿಯಮ ಬೇಕಾ?

ಬೇಕು, ಎರಡೇ ಎರಡು. ಜಾತಿ ಅಥವಾ ಧರ್ಮದ ಹೆಸರಲ್ಲಿ ಮತ ಕೇಳುವ ಸಂದೇಶ ಬೇಡ. 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಂ ಅದನ್ನು ಅಭ್ಯರ್ಥಿ, ಅವನ ಏಜೆಂಟರ ಮಟ್ಟಿಗೆ ಭ್ರಷ್ಟ ಆಚರಣೆ ಎನ್ನುತ್ತದೆ. ಅಭ್ಯರ್ಥಿಯ ಧರ್ಮದ ಜತೆ ಮತದಾರನ ಧರ್ಮದ ಹೆಸರಲ್ಲಿ ಕೇಳುವುದೂ ಅದರೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿದೆ. ಇನ್ನೊಂದು, ಮತದಾನ ಮುಗಿಯುವ ಹೊತ್ತಿಗೆ ಮುಂಚಿನ 48 ಗಂಟೆ ಪ್ರಚಾರವಿಲ್ಲ. ಕಾನೂನಿನ ಆ ಮಾತು ಒಂದು ಬಡಾವಣೆ ಗುಂಪಿಗೆ ಎಷ್ಟು ಮಟ್ಟಿಗೆ ತಾಗುತ್ತದೆ ಎಂಬ ವಾದಕ್ಕೆ ನಾವು ಹೋಗುವುದಿಲ್ಲ. ಆ ಎರಡು ದಿನ ಮತಗಟ್ಟೆ ಎಲ್ಲಿ, ವೃದ್ಧರಿಗೆ ಗಾಡಿ ಇದೆಯೇ ಎಂಬುದಷ್ಟೇ. ಅಭ್ಯರ್ಥಿಯ ಕೆಲಸದ ಚರ್ಚೆ ಅದಕ್ಕೆ ಮೊದಲು ಎಷ್ಟು ಬೇಕಾದರೂ ಆಗಲಿ. ಚರಂಡಿ ಯಾರ ಕಾಲದಲ್ಲಿ ಆಯಿತು ಎಂದು ಜಗಳವಾಡಿದರೆ ನನಗೆ ಸಂತೋಷವೇ.

ನಿಮ್ಮ ಗುಂಪಿನ ನಿಯಮ ಹೇಗೆ ಬರೆದಿದ್ದೀರಿ? ನಕಲು ಮಾಡಬಹುದಾ?

ಮಾಡಿ. ಗುಂಪಿನ ವಿವರಣೆಯಲ್ಲಿ ಇಷ್ಟೇ ಇದೆ: "ಜಾಗ, ಹೊತ್ತು, ಕೆಲಸದ ಬಗ್ಗೆ ದೂರು ಹೇಳಬಹುದು. ಯಾವುದೇ ಧರ್ಮ, ಜಾತಿಯ ಜನರನ್ನು ಒಟ್ಟಾಗಿ ಬಯ್ಯುವಂತಿಲ್ಲ. ಊರು, ತಾರೀಖು ಇಲ್ಲದ ಸುದ್ದಿ, ವಿಡಿಯೋ ಹಾಕುವಂತಿಲ್ಲ. ಅಳಿಸಿದರೆ ಕಾರಣ ಹೇಳುತ್ತೇವೆ. ಒಪ್ಪದಿದ್ದರೆ ಮೂವರು ಅಡ್ಮಿನ್‌ಗಳಲ್ಲಿ ಯಾರಿಗಾದರೂ ಫೋನ್ ಮಾಡಿ."

ಎಷ್ಟು ಮಾಡಿದರೂ ಪಕ್ಷಪಾತಿ ಅನ್ನುತ್ತಾರೆ. ಏನು ಮಾಡಲಿ?

ಅದು ಬಂದೇ ಬರುತ್ತದೆ. ನನಗೆ ಎರಡೂ ಕಡೆಯವರು ಅಂದಿದ್ದಾರೆ, ಒಂದೇ ವಾರದಲ್ಲಿ. ಎರಡು ಕೆಲಸದಿಂದ ಸ್ವಲ್ಪ ತಗ್ಗಿತು. ಮೂವರು ಅಡ್ಮಿನ್‌ಗಳು ಬೇರೆ ಬೇರೆ ಸಮುದಾಯದವರಿರುವಂತೆ ನೋಡಿಕೊಂಡೆವು. ಒಂದು ಸಮುದಾಯದ ವಿರುದ್ಧದ ಸಂದೇಶವನ್ನು ಸಾಧ್ಯವಾದಷ್ಟೂ ಬೇರೆ ಸಮುದಾಯದ ಅಡ್ಮಿನ್ ಅಳಿಸುತ್ತಾರೆ. ಮಸೀದಿಯನ್ನು ಬಯ್ದದ್ದನ್ನು ನಾನು ಅಳಿಸುತ್ತೇನೆ, ಗಣಪತಿಯ ಬಗ್ಗೆ ಕೆಟ್ಟದಾಗಿ ಬರೆದದ್ದನ್ನು ಮಸೀದಿ ಬೀದಿಯ ಅಡ್ಮಿನ್ ಅಳಿಸುತ್ತಾರೆ. ಎರಡನೆಯದು ಒಂದು ನೋಟ್‌ಬುಕ್. ಅಳಿಸಿದ ಪ್ರತಿ ಸಂದೇಶದ ತಾರೀಖು, ಒಂದು ಸಾಲಿನ ಕಾರಣ, ಅಳಿಸಿದವರು ಯಾರು ಎಂದು ಬರೆದಿಡುತ್ತೇವೆ, ಹಾಕಿದವರ ಹೆಸರು ಬರೆಯುವುದಿಲ್ಲ. ಕೇಳಿದವರಿಗೆ ತೋರಿಸುತ್ತೇವೆ.

ಕಳೆದ ಯುಗಾದಿಗೆ ಅದನ್ನು ಕೇಳಿ ಮನೆಗೆ ಬಂದವರು ಅದೇ ಪಿಯುಸಿ ಹುಡುಗಿಯ ತಂದೆ. ಕಾಫಿ ಕುಡಿಯುತ್ತಾ ಪುಟ ತಿರುಗಿಸಿದರು. ಒಂದು ಕಡೆ ನಿಂತು, "ಇದನ್ನು ಅಳಿಸಬಾರದಿತ್ತು, ಬರೀ ಆಚರಣೆಯ ಪ್ರಶ್ನೆ ಇದು" ಅಂದರು. ನೋಡಿದೆ, ಅವರ ಮಾತು ಸರಿಯಿತ್ತು. ಅಂದೇ ಸಂಜೆ ಆ ಸಂದೇಶ ಬರೆದವರಿಗೆ ಫೋನ್ ಮಾಡಿ, ಮತ್ತೆ ಹಾಕಿ ಎಂದು ಹೇಳಿದೆ.